ಟ್ಯಾಬ್‌ಗೆ ಯಾವ ಕೀಬೋರ್ಡ್-ಮೌಸ್ ಸೆಟ್?

ಮಗಳು ಮೂರನೇ ಕ್ಲಾಸ್, ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಪಾಠ. ವೈರ್ ಇರುವ ಸೆಟ್ ತಗೊಳ್ಳಲೋ, ವೈರ್‌ಲೆಸ್ಸೋ?

ಬ್ಲೂಟೂತ್ ಸೆಟ್ ತಗೊಳ್ಳಿ. ವೈರ್ ಸೆಟ್‌ಗೆ ಎರಡು ಯುಎಸ್‌ಬಿ ಪೋರ್ಟ್ ಬೇಕು. ಟ್ಯಾಬ್‌ನಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಚಾರ್ಜಿಂಗ್‌ಗೂ ಅದೇ. ಯುಎಸ್‌ಬಿ ಸಾಧನಗಳನ್ನು ಟ್ಯಾಬ್‌ಗೆ ಜೋಡಿಸುವ ಸಾಮಾನ್ಯ ಒಟಿಜಿ ಅಡಾಪ್ಟರ್ ಸಿಕ್ಕಿಸಿದರೆ ಪಾಠದ ನಡುವೆ ಚಾರ್ಜ್ ಹಾಕಲು ಜಾಗವೇ ಇರುವುದಿಲ್ಲ.

ಅಂಗಡಿಯಲ್ಲಿ ಮೋಸಹೋಗುವುದು ‘ವೈರ್‌ಲೆಸ್’ ಎಂಬ ಪದದಿಂದ. ಡಬ್ಬದ ಮೇಲೆ ಬರೀ ‘2.4 GHz’ ಎಂದಿದ್ದರೆ ಅದು ಪುಟ್ಟ ರಿಸೀವರ್‌ನಿಂದ ನಡೆಯುವ ಸೆಟ್. ಆ ರಿಸೀವರ್‌ಗೂ ಅದೇ ಪೋರ್ಟ್ ಬೇಕು, ಕಳೆದುಹೋದರೆ ಎರಡೂ ಮೂಲೆಗೆ. ‘Bluetooth’ ಎಂದು ಬರೆದಿದೆಯೇ ನೋಡಿ. ಕೀಬೋರ್ಡ್ ಮೇಲಷ್ಟೇ ಅಲ್ಲ, ಮೌಸ್‌ಗೂ!

ಮನೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಪೇರ್ ಮಾಡಬೇಕು. ಪರದೆಯಲ್ಲಿ ಅಂಕಿ ಬಂದರೆ ಅದನ್ನು ಹೊಸ ಕೀಬೋರ್ಡ್‌ನಲ್ಲೇ ಟೈಪ್ ಮಾಡಿ ಎಂಟರ್ ಒತ್ತಿ.