ಅಪ್ಪನ ಆರು ಎಕರೆಯಲ್ಲಿ ಎರಡನೇ ಮದುವೆಯ ಮಕ್ಕಳಿಗೆ ಎಷ್ಟು?

ಪ್ರಶ್ನೆ: ದೊಡ್ಡಮ್ಮ ಇರುವಾಗಲೇ, 1996ರಲ್ಲಿ, ಅಪ್ಪ ನಮ್ಮಮ್ಮನಿಗೆ ದೇವಸ್ಥಾನದಲ್ಲಿ ತಾಳಿ ಕಟ್ಟಿದರು. ನಾನು, ತಂಗಿ ಇಬ್ಬರು ಮಕ್ಕಳು. ದೊಡ್ಡಮ್ಮನಿಗೂ ಒಬ್ಬ ಮಗ, ಒಬ್ಬಳು ಮಗಳು. ದೊಡ್ಡಮ್ಮ 2015ರಲ್ಲಿ ತೀರಿಕೊಂಡರು, ಅಪ್ಪ 2021ರಲ್ಲಿ. ವಿಲ್ ಇಲ್ಲ. ತಾತ ಮಕ್ಕಳಿಗೆ ಭಾಗ ಮಾಡಿದಾಗ ಅಪ್ಪನ ಪಾಲಿಗೆ ಬಂದ ಪಿತ್ರಾರ್ಜಿತ ಹೊಲ ಆರು ಎಕರೆ, ಅಪ್ಪನೇ ದುಡಿದು ಕಟ್ಟಿದ ಮನೆ ಒಂದು. ‘ನಿಮ್ಮಮ್ಮನ ಮದುವೆಯೇ ಊರ್ಜಿತವಲ್ಲ, ನಿಮಗೇನು ಪಾಲು’ ಅಂತಾನೆ ಅಣ್ಣ. ಪೌತಿ ಖಾತೆಗೆ ಅರ್ಜಿಯನ್ನೂ ಹಾಕಿದ್ದಾನೆ. ನಮಗೆ ಏನಾದರೂ ಸಿಗುತ್ತಾ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ನಿಮ್ಮಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ಮೊದಲ ಹೆಂಡತಿ ಬದುಕಿರುವಾಗ ಆದ ಮದುವೆ ಹಿಂದೂ ವಿವಾಹ ಕಾಯ್ದೆಯಲ್ಲಿ ಶೂನ್ಯ. 2015ರಲ್ಲಿ ಅವರು ತೀರಿಕೊಂಡ ಮಾತ್ರಕ್ಕೆ ಅದು ತಾನಾಗಿ ಊರ್ಜಿತ ಆಗುವುದಿಲ್ಲ. ಹಾಗಾಗಿ ನಿಮ್ಮಮ್ಮನಿಗೆ ವಿಧವೆಯಾಗಿ ಪಾಲು ಬರುವುದಿಲ್ಲ. ಕಹಿಯಾದರೂ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಮಕ್ಕಳ ವಿಷಯ ಬೇರೆ. ಅದೇ ಕಾಯ್ದೆಯ 16ನೇ ಕಲಂ ಪ್ರಕಾರ ಇಂಥ ಮದುವೆಯ ಮಕ್ಕಳು ಸಕ್ರಮ ಮಕ್ಕಳೇ. ಮದುವೆ ಶೂನ್ಯ ಅಂತ ಕೋರ್ಟು ಡಿಕ್ರಿ ಕೊಟ್ಟಿದ್ದರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಮೋಸದಿಂದ ಒಪ್ಪಿಸಿದ್ದು ಮುಂತಾದ ಕಾರಣಕ್ಕೆ ಕೋರ್ಟು ರದ್ದು ಮಾಡಿದ ಮದುವೆಯ ಮಕ್ಕಳಿಗೂ ಇದೇ ರಕ್ಷಣೆ ಇದೆ.

ಆದರೆ ಆ ಕಲಮಿನಲ್ಲೇ ಒಂದು ಬೇಲಿಯೂ ಇದೆ. ಹಕ್ಕು ಇರುವುದು ಅಪ್ಪ ಅಮ್ಮನ ಆಸ್ತಿಯಲ್ಲಿ ಮಾತ್ರ. ತಾತನ ಆಸ್ತಿ, ಚಿಕ್ಕಪ್ಪನ ಆಸ್ತಿ ಕೇಳುವಂತಿಲ್ಲ. ಹಾಗಾದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ಪನಿಗೆ ಬರುವ ಪಾಲು ‘ಅಪ್ಪನ ಆಸ್ತಿ’ಯೋ ಅಲ್ಲವೋ? ಈ ಜಗಳ ವರ್ಷಗಟ್ಟಲೆ ನಡೆಯಿತು. ಕೊನೆಗೆ ತೀರಿದ್ದು ನಮ್ಮ ಕರ್ನಾಟಕದಿಂದಲೇ ಹೋದ ಕೇಸಿನಲ್ಲಿ, ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅಪ್ಪ ಸಾಯುವ ಮುಂಚಿನ ಕ್ಷಣದಲ್ಲಿ ಪಿತ್ರಾರ್ಜಿತ ಆಸ್ತಿ ಭಾಗವಾಗಿತ್ತು ಅಂತ ಇಟ್ಟುಕೊಂಡು ಲೆಕ್ಕ ಹಾಕಬೇಕು. ಆಗ ಅಪ್ಪನಿಗೆ ಎಷ್ಟು ಬರುತ್ತಿತ್ತೋ ಅದು ಅಪ್ಪನ ಆಸ್ತಿ. ಅದರಲ್ಲಿ ನಿಮಗೂ ಪಾಲಿದೆ.

ನಿಮ್ಮ ಆರು ಎಕರೆಗೇ ಲೆಕ್ಕ ಹಾಕೋಣ. ಹುಟ್ಟಿನಿಂದ ಹಕ್ಕಿರುವವರು ಮೂವರು: ಅಪ್ಪ, ಅಣ್ಣ, ಅಕ್ಕ. ಹೆಣ್ಣುಮಕ್ಕಳೂ ಸಮಾನ ಪಾಲುದಾರರು. ನೀವು ಮತ್ತು ತಂಗಿ ಈ ಹಂತದಲ್ಲಿ ಲೆಕ್ಕಕ್ಕಿಲ್ಲ. ತಲಾ ಎರಡು ಎಕರೆ. ಅಪ್ಪನ ಎರಡು ಎಕರೆ ನಾಲ್ಕು ಮಕ್ಕಳಿಗೂ ಸಮನಾಗಿ ಹಂಚಿಕೆಯಾಗುತ್ತದೆ, ಅಂದರೆ ತಲಾ 20 ಗುಂಟೆ (ನಿಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, 2021ರಲ್ಲಿ ಬದುಕಿದ್ದರೆ ಅವರೂ ಸೇರಿ ಐದು ಪಾಲು). ಅಣ್ಣ, ಅಕ್ಕನಿಗೆ ಎರಡೂವರೆ ಎಕರೆಯಂತೆ, ನಿಮಗೂ ತಂಗಿಗೂ ಅರ್ಧರ್ಧ ಎಕರೆ. ಮನೆ ಅಪ್ಪನ ಸ್ವಂತ ದುಡಿಮೆ, ಅದರಲ್ಲಿ ನಾಲ್ವರಿಗೂ ಕಾಲು ಕಾಲು ಪಾಲು.

ಆಸ್ತಿ ಅಪ್ಪನಿಗೆ ಹೇಗೆ ಬಂತು ಅನ್ನುವುದನ್ನು ಮಾತ್ರ ಕಾಗದದಲ್ಲಿ ನೋಡಿ. ಭಾಗಪತ್ರದಲ್ಲಿ ಬಂದಿದ್ದರೆ ಮೇಲಿನ ಲೆಕ್ಕ. ಹೊಲ ತಾತನ ಸ್ವಂತ ಗಳಿಕೆಯಾಗಿದ್ದು, 1956ರ ನಂತರ ಅವರು ತೀರಿಕೊಂಡಾಗ ಅಪ್ಪನಿಗೆ ವಾರಸುದಾರನಾಗಿ ಬಂದಿದ್ದರೆ, ಸಾಮಾನ್ಯವಾಗಿ ಅದು ಅಪ್ಪನ ಸ್ವಂತದ್ದೇ. ಆಗ ಆರು ಎಕರೆಯೂ ನಾಲ್ಕು ಭಾಗ, ನಿಮಗೆ ಒಂದೂವರೆ ಎಕರೆ. ‘ತಾತನ ಕಾಲದ್ದು’ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಎಷ್ಟೋ ಜನ ಎಡವುವುದು ಇಲ್ಲೇ.

ಇನ್ನು ಪೌತಿ ಖಾತೆ. ಲಿಖಿತ ತಕರಾರು ತಕ್ಷಣ ಕೊಡಿ, ಸ್ವೀಕೃತಿ ತಗೊಳ್ಳಿ. ವಂಶವೃಕ್ಷದಲ್ಲಿ ನಿಮ್ಮಿಬ್ಬರ ಹೆಸರು ಬಿಟ್ಟಿದ್ದರೆ ಅದನ್ನೂ ಬರೆಯಿರಿ. ಆದರೆ ಹಕ್ಕು ಯಾರದ್ದು ಅಂತ ತೀರ್ಮಾನಿಸುವವರು ತಹಶೀಲ್ದಾರರಲ್ಲ. ಪಹಣಿಯಲ್ಲಿ ಹೆಸರು ಏರಿದರೆ ಅಣ್ಣ ಪೂರ್ತಿ ಮಾಲೀಕ ಆಗುವುದೂ ಇಲ್ಲ. ನೀವು ಹೋಗಬೇಕಾದ್ದು ಸಿವಿಲ್ ಕೋರ್ಟಿಗೆ, ವಿಭಾಗದ ದಾವೆಯೊಂದಿಗೆ. ಜೊತೆಗೇ ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ನಾಲ್ವರನ್ನೂ ಕಕ್ಷಿದಾರರಾಗಿ ಸೇರಿಸಿ, ಹೊಲ ಮನೆ ಎರಡನ್ನೂ ಷೆಡ್ಯೂಲಿನಲ್ಲಿ ಹಾಕಿಸಿ.

ಕೋರ್ಟಿನಲ್ಲಿ ಕಷ್ಟ ಬರುವುದು ಕಾನೂನಿನಿಂದಲ್ಲ, ಸಾಕ್ಷಿಯಿಂದ. 16ನೇ ಕಲಂ ನೆರವಿಗೆ ಬರಬೇಕಾದರೆ ಒಂದು ಮದುವೆ ನಡೆದಿರಬೇಕು. ಶೂನ್ಯವಾದರೂ ಸರಿ, ಶಾಸ್ತ್ರ ಆಗಿರಬೇಕು. ಅಣ್ಣನ ವಕೀಲರು ‘ಮದುವೆಯೇ ಆಗಿಲ್ಲ, ಸುಮ್ನೆ ಜೊತೆಗಿದ್ದರು’ ಅನ್ನುವುದು ಹೆಚ್ಚುಕಡಿಮೆ ಖಚಿತ. ಅವತ್ತಿನ ಫೋಟೋ, ಆಮಂತ್ರಣ, ದೇವಸ್ಥಾನದ ರಸೀದಿ, ತಾಳಿ ಕಟ್ಟಿದ್ದನ್ನು ನೋಡಿದವರು ಯಾರಿದ್ದಾರೆ ಹುಡುಕಿ. ವಯಸ್ಸಾದ ಸಾಕ್ಷಿಗಳಿದ್ದರೆ ತಡ ಮಾಡಬೇಡಿ. ಅಪ್ಪನ ಹೆಸರಿರುವ ನಿಮ್ಮ ಜನನ ಪ್ರಮಾಣಪತ್ರ, ಶಾಲೆಯ ಟಿಸಿ, ಹಳೇ ರೇಷನ್ ಕಾರ್ಡು ಎಲ್ಲ ಒಟ್ಟುಮಾಡಿ.