ಹಬ್ಬಕ್ಕೆ ಒಂದೇ ದಿನ ರಜೆ, ಊರು ದೂರ

ಪ್ರಶ್ನೆ: ನಮ್ಮ ಕಚೇರಿಯಲ್ಲಿ ದೊಡ್ಡ ಹಬ್ಬಕ್ಕೂ ಒಂದೇ ದಿನ ರಜೆ. ಊರಿಗೆ ಹೋಗಿ ಬರುವುದರಲ್ಲೇ ಅದು ಮುಗಿದುಹೋಗುತ್ತದೆ. ಇನ್ನೆರಡು ಮೂರು ದಿನ ಬೇಕೆಂದು ಮೇಲಧಿಕಾರಿಯವರನ್ನು ಹೇಗೆ ಕೇಳಲಿ?

ಉತ್ತರ: ನಾನು 11 ವರ್ಷ ಊರಿನಿಂದ ದೂರವಿದ್ದು ದುಡಿದವನು. ಕೊನೆಯ ನಾಲ್ಕು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಆರು ಜನರ ರಜೆ ಅರ್ಜಿಗಳಿಗೆ ಸಹಿ ಹಾಕುವ ಹೊಣೆಯೂ ನನ್ನದಾಗಿತ್ತು. ಆದ್ದರಿಂದ ಕೇಳುವವನ ಸಂಕೋಚ, ಕೊಡುವವನ ಇಕ್ಕಟ್ಟು ಎರಡನ್ನೂ ಬಲ್ಲೆ.

ಬಾಯಿಬಿಟ್ಟು ಕೇಳುವ ಮೊದಲು ಕ್ಯಾಲೆಂಡರ್ ಮುಂದಿಟ್ಟುಕೊಂಡು ದಿನಗಳ ಲೆಕ್ಕ ಹಾಕಿಕೊಳ್ಳಿ. ಹಬ್ಬ ಬುಧವಾರ ಬರುತ್ತದೆ, ವಾರದ ರಜೆ ಶನಿವಾರ ಮತ್ತು ಭಾನುವಾರ, ಊರಿಗೆ 14 ಗಂಟೆಯ ಪ್ರಯಾಣ ಎಂದಿಟ್ಟುಕೊಳ್ಳೋಣ. ಮಂಗಳವಾರ ಸಂಜೆ ಆರಕ್ಕೆ ಹೊರಟರೆ ಹಬ್ಬದ ಬೆಳಿಗ್ಗೆ ಎಂಟಕ್ಕೆ ಮನೆಯಲ್ಲಿರುತ್ತೀರಿ. ಗುರುವಾರ ಮತ್ತು ಶುಕ್ರವಾರ ರಜೆ ಹಾಕಿದರೆ ಬುಧವಾರದಿಂದ ಭಾನುವಾರದವರೆಗೆ ಐದು ದಿನ ಸಿಗುತ್ತವೆ, ನಿಮ್ಮ ಖಾತೆಯಿಂದ ಕಳೆಯುವುದು ಎರಡೇ.

ಇಲ್ಲೇ ಹಲವರು ಎಡವುತ್ತಾರೆ. ಹೇಗೂ ಹೋಗುತ್ತಿದ್ದೇನಲ್ಲ ಎಂದು ಮಂಗಳವಾರವನ್ನೂ ಸೇರಿಸಿ ಅರ್ಜಿ ಹಾಕುತ್ತಾರೆ. ಹಲವು ಸಂಸ್ಥೆಗಳಲ್ಲಿ ಸ್ಯಾಂಡ್‌ವಿಚ್ ನಿಯಮ ಎಂದು ಕರೆಯುವ ಒಂದು ಪದ್ಧತಿ ಇದೆ: ರಜಾದಿನದ ಹಿಂದೂ ಮುಂದೂ ನೀವು ರಜೆ ಹಾಕಿದ್ದರೆ, ನಡುವೆ ಸಿಕ್ಕಿಕೊಂಡ ಆ ದಿನವನ್ನೂ ನಿಮ್ಮ ರಜೆಯೆಂದೇ ಎಣಿಸುತ್ತಾರೆ. ಆಗ ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕು ದಿನ ಹೋಗುತ್ತದೆ, ಹಬ್ಬದ ರಜೆಯೂ ನಿಮ್ಮ ಕೈಯಿಂದಲೇ ಕೊಟ್ಟಂತಾಗುತ್ತದೆ. ಶುಕ್ರವಾರದ ಜೊತೆಗೆ ಸೋಮವಾರವನ್ನು ಸೇರಿಸಿದರೂ ಇದೇ ಕಥೆ, ನಡುವಿನ ಶನಿವಾರ ಮತ್ತು ಭಾನುವಾರ ಲೆಕ್ಕಕ್ಕೆ ಬರುತ್ತವೆ. ನಿಮ್ಮಲ್ಲಿ ಈ ನಿಯಮ ಇದೆಯೇ ಎಂದು ರಜೆ ನಿಯಮಾವಳಿಯಲ್ಲಿ ನೋಡಿ, ಇಲ್ಲವೇ ಎಚ್‌ಆರ್ ವಿಭಾಗದವರನ್ನು ಕೇಳಿ. ಇದ್ದರೆ ಮಂಗಳವಾರಕ್ಕೆ ರಜೆ ಹಾಕದೆ, ಸಂಜೆ ಎರಡು ಗಂಟೆ ಮುಂಚೆ ಹೊರಡಲು ಅನುಮತಿ ಕೇಳಿ, ಆ ಎರಡು ಗಂಟೆಯನ್ನು ಸೋಮವಾರವೇ ಹೆಚ್ಚು ಕೂತು ತುಂಬಿಕೊಡುವುದು ಲೇಸು.

ಇನ್ನು ಕೇಳುವ ಸಮಯ. ಸಹಿ ಹಾಕುವ ಕುರ್ಚಿಯಲ್ಲಿ ಕುಳಿತಾಗ ನನಗೆ ತಲೆನೋವಾಗುತ್ತಿದ್ದುದು ರಜೆಯ ಉದ್ದಕ್ಕಿಂತ ಹೆಚ್ಚಾಗಿ, ಒಂದೇ ವಾರಕ್ಕೆ ನಾಲ್ವರ ಅರ್ಜಿ ಬಂದು ಬೀಳುತ್ತಿದ್ದುದು. ಮೊದಲು ಕೇಳಿದವರಿಗೆ ಹೂಂ ಎನ್ನುವುದು ಸುಲಭ, ನಾಲ್ಕನೆಯವರಿಗೆ ಕಷ್ಟ. ಆದ್ದರಿಂದ ಆರರಿಂದ ಎಂಟು ವಾರ ಮುಂಚಿತವಾಗಿ, ಟಿಕೆಟ್ ಕಾಯ್ದಿರಿಸುವ ಮೊದಲೇ, ಎದುರಿಗೆ ಹೋಗಿ ಮಾತಾಡಿ. ಒಮ್ಮೆ ನಾನು ಟಿಕೆಟ್ ತೆಗೆದುಕೊಂಡು ಬಂದು, "ಸರ್, ಟಿಕೆಟ್ ಆಗಿಬಿಟ್ಟಿದೆ" ಎಂದೆ. "ಹಾಗಾದರೆ ನನ್ನನ್ನು ಕೇಳುತ್ತಿದ್ದೀರೋ, ತಿಳಿಸುತ್ತಿದ್ದೀರೋ?" ಎಂದರು. ಆ ವರ್ಷ ಟಿಕೆಟ್ ರದ್ದಾಯಿತು.

ಮಾತಿನಲ್ಲಿ ಒಪ್ಪಿಗೆ ಸಿಕ್ಕ ದಿನವೇ ಲಿಖಿತವಾಗಿಯೂ ಕಳಿಸಿ. ಹಬ್ಬ ಹತ್ತಿರವಾದಂತೆ ಬಾಯಿಮಾತು ಮರೆತುಹೋಗುತ್ತದೆ. ಅರ್ಜಿಯಲ್ಲಿ ಹಬ್ಬದ ಮಹಿಮೆ, ತಂದೆ ತಾಯಿಯ ವಯಸ್ಸು ಬೇಡ. ಓದುವವರಿಗೆ ಬೇಕಾದದ್ದು ನೀವಿಲ್ಲದಾಗ ಯಾವ ಕೆಲಸ ಯಾರ ಕೈಯಲ್ಲಿರುತ್ತದೆ ಎಂಬ ಉತ್ತರ. ನಾನು ಬರೆಯುತ್ತಿದ್ದುದು ಹೆಚ್ಚುಕಡಿಮೆ ಹೀಗೆ:

"ಹಬ್ಬದ ನಿಮಿತ್ತ ಊರಿಗೆ ಹೋಗಬೇಕಾಗಿರುವುದರಿಂದ ಗುರುವಾರ ಮತ್ತು ಶುಕ್ರವಾರ, ಒಟ್ಟು 2 ದಿನಗಳ ಗಳಿಕೆ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಆ ವಾರ ಪಾವತಿಸಬೇಕಾದ ಬಿಲ್ಲುಗಳನ್ನು ಮಂಗಳವಾರ ಮಧ್ಯಾಹ್ನದೊಳಗೆ ಮುಗಿಸಿರುತ್ತೇನೆ. ಗುರುವಾರದ ಬ್ಯಾಂಕ್ ಲೆಕ್ಕದ ತಾಳೆಯನ್ನು ಪಕ್ಕದ ಮೇಜಿನ ಸಹೋದ್ಯೋಗಿ ನೋಡಿಕೊಳ್ಳಲು ಒಪ್ಪಿದ್ದಾರೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುತ್ತೇನೆ."

ಆ ಸಹೋದ್ಯೋಗಿಯನ್ನು ಹೆಸರು ಬರೆಯುವ ಮೊದಲೇ ಕೇಳಿರಬೇಕು. ಈ ಹಬ್ಬವನ್ನು ಆಚರಿಸದವರು, ಅಥವಾ ಊರು ಹತ್ತಿರವೇ ಇರುವವರು ಸಾಮಾನ್ಯವಾಗಿ ಒಪ್ಪುತ್ತಾರೆ. ಪ್ರತಿಯಾಗಿ ಅವರ ಹಬ್ಬಕ್ಕೆ ನೀವು ಕೂರುವುದಾಗಿ ಹೇಳಿ, ಹೇಳಿದಂತೆ ಕೂರಿ.

ಒಂದೇ ದಿನ ಕೊಡಬಲ್ಲೆ ಎಂದರೆ ಗುರುವಾರವನ್ನು ರಜೆಯಾಗಿ ಪಡೆದು, ಶುಕ್ರವಾರ ಊರಿನಿಂದಲೇ ಕೆಲಸ ಮಾಡಲು ಅವಕಾಶ ಕೇಳಬಹುದು. ಅಲ್ಲಿ ಇಂಟರ್‌ನೆಟ್ ನೆಟ್ಟಗಿದ್ದರೆ ಮಾತ್ರ ಕೇಳಿ. ಎರಡೂ ಆಗದು ಎಂದಾಗ ಹುಷಾರಿಲ್ಲವೆಂದು ಊರಿನಿಂದ ಫೋನ್ ಮಾಡುವ ಉಪಾಯವನ್ನು ನಮ್ಮಲ್ಲೊಬ್ಬರು ಮಾಡಿದ್ದರು. ಅದೇ ಸಂಜೆ ಅವರ ಸ್ಟೇಟಸ್‌ನಲ್ಲಿ ಹಬ್ಬದ ಫೋಟೊ ಇತ್ತು. ಆಮೇಲೆ ಅವರ ನಿಜವಾದ ಜ್ವರಕ್ಕೂ ವೈದ್ಯರ ಚೀಟಿ ಕೇಳುವಂತಾಯಿತು.

ಮರಳುವ ಪ್ರಯಾಣವನ್ನು ಭಾನುವಾರ ರಾತ್ರಿಗೆ ಇಟ್ಟುಕೊಳ್ಳಬೇಡಿ. ಹಬ್ಬದ ಸಂದಣಿಯಲ್ಲಿ ಬಸ್ಸು ರೈಲು ತಡವಾಗುತ್ತವೆ, ಸೋಮವಾರ ಹತ್ತು ಗಂಟೆಗೆ ದಾರಿಯಿಂದಲೇ "ಇನ್ನೊಂದು ದಿನ" ಎಂದು ಫೋನ್ ಮಾಡಬೇಕಾಗುತ್ತದೆ. ನಡುವಿನ ಶನಿವಾರ, ಭಾನುವಾರಗಳೂ ಖಾತೆಯಿಂದ ಹೋಗಬಹುದು. ಶನಿವಾರ ರಾತ್ರಿಯೇ ಹೊರಟುಬಿಡಿ.