ಪಟ್ಟಿ ಪಕ್ಕಕ್ಕಿಡಿ, ಮೊದಲು ಹೈಡ್ರೋಜನ್‌ಗೆ ಅಂಕಿ ಕೊಡಿ

ಪ್ರಶ್ನೆ: ಉತ್ಕರ್ಷಣಕಾರಿ, ಅಪಕರ್ಷಣಕಾರಿಗಳ ಪಟ್ಟಿ ಬಾಯಿಪಾಠ ಮಾಡಿದ್ದೀನಿ. ಆದ್ರೂ H₂O₂ ಇರೋ ಸಮೀಕರಣ ಬಂದ್ರೆ ತಪ್ಪಾಗುತ್ತೆ. ಇನ್ನೂ ಪೂರ್ತಿಯಾದ ಪಟ್ಟಿ ಯಾರ ಹತ್ರಾನಾದ್ರೂ ಇದ್ಯಾ?

ನನ್ನ ಹತ್ತಿರವೂ ಅಂಥದ್ದೇ ಪಟ್ಟಿ ಇತ್ತು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಡಕ್ಕೆ ಉತ್ಕರ್ಷಣಕಾರಿಗಳು, ಬಲಕ್ಕೆ ಅಪಕರ್ಷಣಕಾರಿಗಳು. KMnO₄, H₂O₂, H₂SO₄ ಮೂರೂ ಎಡಗಡೆ ಇದ್ದವು. ಪ್ರಾಯೋಗಿಕ ಪರೀಕ್ಷೆಯ ದಿನ ಆ ಮೂರೂ ಒಂದೇ ಫ್ಲಾಸ್ಕಿನಲ್ಲಿ ಸೇರಿದವು.

ಕೊಟ್ಟ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದ ಮೊಲಾರಿಟಿ ಕಂಡುಹಿಡಿಯಬೇಕಿತ್ತು. ಪಿಪೆಟ್‌ನಲ್ಲಿ 10 ಮಿ.ಲೀ. ತೆಗೆದುಕೊಂಡೆ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿದೆ, ಬ್ಯುರೆಟ್‌ನಿಂದ 0.02 M ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಟ್ಟೆ. 20 ಮಿ.ಲೀ. ಆದಾಗ ತಿಳಿ ಗುಲಾಬಿ ಬಣ್ಣ ಹೋಗದೆ ನಿಂತಿತು. ಮತ್ತೆ ಮಾಡಿದಾಗಲೂ ಅಷ್ಟೇ ಬಂತು. ಕೈಕೆಲಸದಲ್ಲಿ ಒಂದು ಹನಿಯೂ ಹೆಚ್ಚುಕಡಿಮೆ ಇರಲಿಲ್ಲ. ಆದರೆ ನಾನು ಬರೆದ ಉತ್ತರ 0.05 M, ಸರಿ ಉತ್ತರ 0.1 M. ಸರಿಯಾಗಿ ಅರ್ಧ.

ತಪ್ಪು ನಡೆದದ್ದು ಒಂದೇ ಕಡೆ. ಆಕ್ಸಿಜನ್ ಕಂಡ ಕೂಡಲೇ ನನ್ನ ಕೈ ಅದರ ಉತ್ಕರ್ಷಣ ಸಂಖ್ಯೆ ‘−2’ ಅಂತ ಬರೆದುಬಿಡುತ್ತಿತ್ತು. H₂O₂ ಮೇಲೂ ಹಾಗೇ ಬರೆದೆ. ಹೊರಬರುವ O₂ ಧಾತುರೂಪದ್ದು, ಅದರಲ್ಲಿ ಆಕ್ಸಿಜನ್ 0. ಅಂದರೆ ಪ್ರತಿ ಆಕ್ಸಿಜನ್ −2ರಿಂದ 0ಗೆ ಹೋಗಿ 2 ಎಲೆಕ್ಟ್ರಾನ್ ಬಿಡುತ್ತೆ. H₂O₂ ಒಂದರಲ್ಲಿ ಆಕ್ಸಿಜನ್ ಎರಡಿವೆ, ಹಾಗಾಗಿ ಒಟ್ಟು 4 ಎಲೆಕ್ಟ್ರಾನ್. ಮ್ಯಾಂಗನೀಸ್ +7ರಿಂದ +2ಗೆ ಇಳಿಯುತ್ತೆ, 5 ಎಲೆಕ್ಟ್ರಾನ್ ಪಡೆಯುತ್ತೆ. ಎರಡನ್ನೂ 20ಕ್ಕೆ ಸರಿದೂಗಿಸಿ, 4 ಪರ್ಮಾಂಗನೇಟ್‌ಗೆ 5 ಪೆರಾಕ್ಸೈಡ್ ಅಂದುಕೊಂಡೆ. ಭಿನ್ನರಾಶಿ ಬೇಡ ಅಂತ ಎರಡರಷ್ಟು ಮಾಡಿ ಸಮೀಕರಣ ಬರೆದೆ:

8KMnO₄ + 10H₂O₂ + 12H₂SO₄ → 8MnSO₄ + 4K₂SO₄ + 22H₂O + 15O₂

ಎಣಿಸಿ ನೋಡಿ. ಆಕ್ಸಿಜನ್ ಎಡಕ್ಕೆ 100, ಬಲಕ್ಕೆ 100. ಹೈಡ್ರೋಜನ್ 44, 44. ಎಲ್ಲವೂ ತಾಳೆಯಾಗುತ್ತೆ! ನಾನು ಮೋಸ ಹೋಗಿದ್ದು ಇಲ್ಲೇ. ಪರಮಾಣುಗಳ ಎಣಿಕೆ ಸರಿ ಇದ್ದರೆ ಸಮೀಕರಣವೂ ಸರಿ ಅಂತ ನಂಬಿದ್ದೆ. ಪೆರಾಕ್ಸೈಡ್ ತಾನಾಗಿಯೇ ನೀರು ಮತ್ತು ಆಕ್ಸಿಜನ್ ಆಗಿ ಒಡೆಯಬಲ್ಲದು: 2H₂O₂ → 2H₂O + O₂. ಇದೂ ಸರಿದೂಗಿದ ಸಮೀಕರಣವೇ. ಇದನ್ನು ಮೇಲಿನದಕ್ಕೆ ಎಷ್ಟು ಸಲ ಕೂಡಿಸಿದರೂ, ಕಳೆದರೂ ಎಣಿಕೆ ಕೆಡೋದಿಲ್ಲ. ಅಂದರೆ ಎಣಿಕೆ ಮಾತ್ರ ನೋಡಿದರೆ ಎಷ್ಟೋ ಬೇರೆ ಬೇರೆ ಅನುಪಾತಗಳು ‘ಸರಿ’ ಅಂತ ಕಾಣುತ್ತವೆ. ಅದರಲ್ಲಿ ನಿಜವಾದದ್ದನ್ನು ಆರಿಸಿಕೊಡುವುದು ಉತ್ಕರ್ಷಣ ಸಂಖ್ಯೆ. ಅದೇ ತಪ್ಪಿದ್ದರೆ ಮುಂದೆ ಎಣಿಕೆ ನಿಮ್ಮನ್ನು ತಡೆಯೋದಿಲ್ಲ.

ನನ್ನ ಅಂಕಿ ತಪ್ಪು ಅಂತ ತಿಳಿಯಲು ಅಲ್ಲೇ ದಾರಿ ಇತ್ತು, ನಾನು ನೋಡಲಿಲ್ಲ ಅಷ್ಟೇ. H₂O₂ಗೆ ಒಟ್ಟು ವಿದ್ಯುದಂಶ ಸೊನ್ನೆ. ಎರಡು ಆಕ್ಸಿಜನ್ ಸೇರಿ −4 ಆದರೆ, ಎರಡು ಹೈಡ್ರೋಜನ್ ಸೇರಿ +4 ಆಗಬೇಕು, ಒಂದೊಂದೂ +2. ಹೈಡ್ರೋಜನ್ ಬಳಿ ಇರೋದೇ ಒಂದು ಎಲೆಕ್ಟ್ರಾನ್, +2 ಆಗೋದು ಹೇಗೆ? ಆಕ್ಸಿಜನ್‌ಗೆ ಅಂಕಿ ಕೊಟ್ಟ ಮೇಲೆ ಉಳಿದದ್ದನ್ನು ಕೂಡಿಸಿ ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಇನ್ನೊಂದು ಸುಳಿವೂ ಇದೆ. ಈ ಕ್ರಿಯೆಯಲ್ಲಿ ಹೊರಬರುವ O₂ ಪೂರ್ತಿ ಪೆರಾಕ್ಸೈಡ್‌ನಿಂದ ಬಂದದ್ದು. 10 H₂O₂ಯಿಂದ 10 O₂ ಬರಬಹುದು, 15 ಬರೋಕೆ ಸಾಧ್ಯವಿಲ್ಲ.

ಹಾಗಾಗಿ ನಿಮಗೆ ದೊಡ್ಡ ಪಟ್ಟಿ ಬೇಕಾಗಿಲ್ಲ ಅಂತ ನಾನು ಖಂಡಿತವಾಗಿ ಹೇಳ್ತೀನಿ. ಬೇಕಾಗಿರೋದು ಅಂಕಿ ಕೊಡುವ ಸರದಿ. ಆಕ್ಸಿಜನ್‌ಗೆ ‘−2’ ಅನ್ನೋದು ಸರದಿಯಲ್ಲಿ ಕೊನೆಗೆ ಬರುವ ನಿಯಮ. ಸೋಡಿಯಂ, ಪೊಟ್ಯಾಸಿಯಂ ಇದ್ದರೆ ಮೊದಲು ಅವಕ್ಕೆ +1, ಫ್ಲೋರಿನ್ ಇದ್ದರೆ −1, ಆಮೇಲೆ ಹೈಡ್ರೋಜನ್‌ಗೆ +1, ಅದಾದ ಮೇಲಷ್ಟೇ ಆಕ್ಸಿಜನ್. ಮುಂದಿನ ನಿಯಮ ಹಿಂದಿನದಕ್ಕೆ ಅಡ್ಡ ಬಂದರೆ ಮೊದಲು ಕೊಟ್ಟ ಅಂಕಿಯೇ ಗೆಲ್ಲಬೇಕು. ಈ ಸರದಿ ಇಟ್ಟುಕೊಂಡರೆ ಬಹುಪಾಲು ಅಪವಾದಗಳನ್ನು ಬೇರೆಯಾಗಿ ನೆನಪಿಡಬೇಕಿಲ್ಲ. NaH ನೋಡಿ. ಸೋಡಿಯಂ +1 ಆದ್ದರಿಂದ ಹೈಡ್ರೋಜನ್ ತಾನಾಗಿ −1 ಆಗುತ್ತೆ.

H₂O₂ಗೆ ಹಾಕಿ ನೋಡಿ. ಹೈಡ್ರೋಜನ್ ಎರಡು, ಒಟ್ಟು +2. ಉಳಿದ −2 ಎರಡು ಆಕ್ಸಿಜನ್‌ಗೆ ಹಂಚಿಕೆ, ಒಂದೊಂದಕ್ಕೆ −1. ಇದಕ್ಕೆ ಕಾರಣವೂ ಇದೆ. ಎರಡು ಆಕ್ಸಿಜನ್‌ಗಳ ನಡುವಿನ ಬಂಧದ ಎಲೆಕ್ಟ್ರಾನ್‌ಗಳು ಸಮನಾಗಿ ಹಂಚಿಹೋಗುತ್ತವೆ, ಯಾರಿಗೂ ಲಾಭವಿಲ್ಲ. ಪ್ರತಿ ಆಕ್ಸಿಜನ್‌ಗೆ ಲೆಕ್ಕಕ್ಕೆ ಸಿಗುವುದು ಪಕ್ಕದ ಹೈಡ್ರೋಜನ್‌ನ ಒಂದು ಎಲೆಕ್ಟ್ರಾನ್ ಮಾತ್ರ.

ಈಗ −1ರಿಂದ 0. ಪ್ರತಿ ಆಕ್ಸಿಜನ್‌ಗೆ 1, ಪ್ರತಿ H₂O₂ಗೆ 2 ಎಲೆಕ್ಟ್ರಾನ್. ಮ್ಯಾಂಗನೀಸ್‌ಗೆ ಬೇಕಾದದ್ದು 5. ಅಲ್ಲಿಗೆ 2 ಪರ್ಮಾಂಗನೇಟ್‌ಗೆ 5 ಪೆರಾಕ್ಸೈಡ್:

2KMnO₄ + 5H₂O₂ + 3H₂SO₄ → 2MnSO₄ + K₂SO₄ + 8H₂O + 5O₂

0.02 M ದ್ರಾವಣದ 20 ಮಿ.ಲೀ. ಅಂದರೆ 0.0004 ಮೋಲ್ ಪರ್ಮಾಂಗನೇಟ್. ಅದನ್ನು 5/2ರಿಂದ ಗುಣಿಸಿದರೆ 0.001 ಮೋಲ್ ಪೆರಾಕ್ಸೈಡ್, 10 ಮಿ.ಲೀ.ನಲ್ಲಿ. ಅಂದರೆ 0.1 M. ನಾನು 5/4ರಿಂದ ಗುಣಿಸಿದ್ದೆ.

ಇನ್ನು ಯಾರು ಯಾವ ಕಾರಿ? ಉತ್ಕರ್ಷಣ ಸಂಖ್ಯೆ ಏರಿದ್ದು ಪೆರಾಕ್ಸೈಡ್‌ನ ಆಕ್ಸಿಜನ್‌ನದು. ಅದು ಎಲೆಕ್ಟ್ರಾನ್ ಕೊಟ್ಟಿತು, ಆದ್ದರಿಂದ H₂O₂ ಇಲ್ಲಿ ಅಪಕರ್ಷಣಕಾರಿ. ಇಳಿದದ್ದು ಮ್ಯಾಂಗನೀಸ್, ಆದ್ದರಿಂದ KMnO₄ ಉತ್ಕರ್ಷಣಕಾರಿ. ಉತ್ತರ ಬರೆಯುವಾಗ Mn ಅಂತಲ್ಲ, ಇಡೀ KMnO₄ ಹೆಸರು ಬರೀರಿ. ಕೆಲಸ ಮಾಡೋದು ಆ ಸಂಯುಕ್ತ. +7 ಅಂದ ಮಾತ್ರಕ್ಕೆ ಒಳಗೆ Mn⁷⁺ ಅನ್ನೋ ಅಯಾನು ಕೂತಿರೋದಿಲ್ಲ, ಅದು ಎಲೆಕ್ಟ್ರಾನ್‌ಗಳ ಲೆಕ್ಕ ಇಡೋ ಅಂಕಿ ಅಷ್ಟೇ. ಸಲ್ಫ್ಯೂರಿಕ್ ಆಮ್ಲದ ಕಥೆ ಏನು? ಗಂಧಕ ಎಡಕ್ಕೂ +6, ಬಲಕ್ಕೂ +6. ನನ್ನ ಪಟ್ಟಿಯಲ್ಲಿ ಅದು ಉತ್ಕರ್ಷಣಕಾರಿ, ಈ ಫ್ಲಾಸ್ಕಿನಲ್ಲಿ H⁺ ಒದಗಿಸೋದು ಬಿಟ್ಟರೆ ಅದಕ್ಕೆ ಬೇರೆ ಪಾತ್ರವಿಲ್ಲ.

ಅದೇ ಪೆರಾಕ್ಸೈಡ್‌ಗೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಪಾತ್ರ ತಿರುಗುತ್ತೆ:

H₂O₂ + 2KI + H₂SO₄ → I₂ + K₂SO₄ + 2H₂O

ಇಲ್ಲಿ ಆಕ್ಸಿಜನ್ −1ರಿಂದ −2ಗೆ ಇಳೀತು, ಅಯೋಡಿನ್ −1ರಿಂದ 0ಗೆ ಏರಿತು. H₂O₂ ಈಗ ಉತ್ಕರ್ಷಣಕಾರಿ. −1 ಅನ್ನೋದು 0 ಮತ್ತು −2ರ ನಡುವೆ ಇರೋದರಿಂದ ಅದಕ್ಕೆ ಎರಡೂ ಕಡೆ ದಾರಿ ಇದೆ. ಎದುರಿಗೆ ಯಾರಿದ್ದಾರೆ ಅನ್ನೋದರ ಮೇಲೆ ಯಾವ ದಾರಿ ಅಂತ ನಿರ್ಧಾರ ಆಗುತ್ತೆ. ಇದನ್ನು ಯಾವ ಪಟ್ಟಿ ತಾನೇ ಹೇಳೀತು?

ಈಗ ನೀವೇ 2H₂O₂ → 2H₂O + O₂ ತಗೊಂಡು ಪ್ರತಿ ಆಕ್ಸಿಜನ್ ಮೇಲೆ ಅಂಕಿ ಬರೀರಿ. ಎದುರಿಗೆ ಬೇರೆ ಯಾರೂ ಇಲ್ಲ. −1ರಲ್ಲಿ ಅರ್ಧ 0ಗೆ ಏರುತ್ತೆ, ಅರ್ಧ −2ಗೆ ಇಳಿಯುತ್ತೆ. ಉತ್ಕರ್ಷಣಕಾರಿ ಯಾರು ಅಂತ ಕೇಳಿದರೂ H₂O₂, ಅಪಕರ್ಷಣಕಾರಿ ಯಾರು ಅಂತ ಕೇಳಿದರೂ H₂O₂. ಎರಡು ಕಡೆಯೂ ಅದೇ ಹೆಸರು ಬರೆಯೋಕೆ ಹಿಂಜರಿಯಬೇಡಿ.